ಎಸ್ಸೆಸ್ಸೆಲ್ಸಿಯಲ್ಲಿ ಶೇ. 85: ಕಾಂಬಿನೇಶನ್ ಆರಿಸುವ ಮುನ್ನ ಅಂಕಪಟ್ಟಿಯನ್ನು ಬಿಡಿಸಿ ಓದಿ

ಫಲಿತಾಂಶ ಬಂದ ವಾರ ಮಂಡ್ಯ, ಮೈಸೂರಿನ ಪಿಯು ಕಾಲೇಜುಗಳಲ್ಲಿ ಅರ್ಜಿ ಹಿಡಿದು ನಿಲ್ಲುವವರಲ್ಲಿ ಶೇ. 95 ದಾಟಿದವರಿಗೆ ಅಷ್ಟಾಗಿ ಗೊಂದಲ ಇರುವುದಿಲ್ಲ. ಶೇ. 50ರ ಆಸುಪಾಸಿನವರಿಗೆ ಕಾಲೇಜೇ ದಾರಿ ತೋರಿಸಿಬಿಡುತ್ತದೆ. ನಿಜವಾಗಿ ತಪ್ಪು ನಡೆಯುವುದು ಶೇ. 80ರಿಂದ 88ರ ನಡುವೆ. ಈ ಅಂಕಕ್ಕೆ ಸೈನ್ಸ್ ಸೀಟು ಸಿಗುತ್ತದೆ, ಸಿಕ್ಕಿದ್ದನ್ನು ಬಿಡುವುದೇಕೆ ಎಂದು ಮನೆಯವರಿಗೆ ಅನ್ನಿಸುತ್ತದೆ. ಹಾಗೆ ಸೇರಿದ ಮಕ್ಕಳಲ್ಲಿ ಎಷ್ಟೋ ಮಂದಿ ಪ್ರಥಮ ಪಿಯುಸಿಯ ಅರ್ಧ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಭೌತಶಾಸ್ತ್ರ, ಗಣಿತ ಎರಡರಲ್ಲೂ ಮುಗ್ಗರಿಸಿರುತ್ತಾರೆ. ಅಷ್ಟರಲ್ಲಿ ಬದಲಾಯಿಸುವ ಕಾಲ ಕಳೆದಿರುತ್ತದೆ.

ಒಂದು ಮಾದರಿ ಅಂಕಪಟ್ಟಿಯನ್ನೇ ಇಟ್ಟುಕೊಂಡು ನೋಡೋಣ. ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಅಂದುಕೊಳ್ಳಿ. ಒಟ್ಟು ಶೇ. 85ರ ಆಸುಪಾಸು. ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 119, ಇಂಗ್ಲಿಷಿನಲ್ಲಿ 84, ಗಣಿತದಲ್ಲಿ 71, ವಿಜ್ಞಾನದಲ್ಲಿ 78, ಸಮಾಜ ವಿಜ್ಞಾನದಲ್ಲಿ 92. ಮನೆಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರದ ಪಿಸಿಎಂಬಿ ಎಂದು ಆಗಲೇ ತೀರ್ಮಾನವಾಗಿದೆ. ಮೇಲ್ನೋಟಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಮೊದಲು ಮಾಡಬೇಕಾದ ಕೆಲಸ ಆಂತರಿಕ ಅಂಕಗಳನ್ನು ಕಳೆಯುವುದು. ಪ್ರಥಮ ಭಾಷೆಯಲ್ಲಿ 25, ಉಳಿದ ಪ್ರತಿ ವಿಷಯದಲ್ಲಿ 20 ಅಂಕಗಳನ್ನು ಶಾಲೆಯೇ ಕೊಡುತ್ತದೆ. ಬಹುತೇಕ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಅದು 18ರಿಂದ 20ರವರೆಗೆ ಬಿದ್ದೇ ಬಿದ್ದಿರುತ್ತದೆ. ಆದ್ದರಿಂದ ಆ ಅಂಕ ಯಾರ ಶಕ್ತಿಯನ್ನೂ ತೋರಿಸುವುದಿಲ್ಲ. ಈ ಹುಡುಗಿಗೆ ಗಣಿತದಲ್ಲಿ ಆಂತರಿಕ ಅಂಕ 19 ಬಂದಿದ್ದರೆ ಬರೆದು ಗಳಿಸಿದ್ದು 80ಕ್ಕೆ 52, ಅಂದರೆ ಶೇ. 65. ವಿಜ್ಞಾನದಲ್ಲಿ 20 ಕಳೆದರೆ 80ಕ್ಕೆ 58, ಶೇ. 72ರ ಮೇಲೆ ಸ್ವಲ್ಪ. ಸಮಾಜದಲ್ಲಿ 80ಕ್ಕೆ 72, ಶೇ. 90. ಇಂಗ್ಲಿಷಿನಲ್ಲಿ 64, ಶೇ. 80. ಕನ್ನಡದಲ್ಲಿ 100ಕ್ಕೆ 94. ಒಂದೇ ಮಗುವಿನ ಈ ಅಂಕಪಟ್ಟಿಯಲ್ಲಿ ಈಗ ಇಬ್ಬರು ಕಾಣುತ್ತಾರೆ: ಓದಿ ಬರೆಯುವ ವಿಷಯಗಳಲ್ಲಿ ಶೇ. 80–94ರ ವಿದ್ಯಾರ್ಥಿನಿ, ಸೈನ್ಸಿಗೆ ಬೇಕಾದ ಎರಡು ವಿಷಯಗಳಲ್ಲಿ ಶೇ. 69ರ ವಿದ್ಯಾರ್ಥಿನಿ. ಮನೆಯವರು ನಂಬಿ ಕೂತ ಶೇ. 85 ಇಬ್ಬರಿಗೂ ಸೇರಿದ್ದಲ್ಲ.

ಇಷ್ಟಕ್ಕೇ ಸೈನ್ಸ್ ಬೇಡ ಎನ್ನುವುದು ಅವಸರವಾದೀತು. ಶೇ. 65 ಎಂಬ ಸಂಖ್ಯೆಗಿಂತ ಆ ಅಂಕ ಎಲ್ಲಿಂದ ಬಂತು ಎನ್ನುವುದು ಮುಖ್ಯ. ಅದನ್ನು ತಿಳಿಯಲು ನೇರವಾದ ದಾರಿ ಇದೆ. ಫಲಿತಾಂಶ ಪ್ರಕಟವಾದ ಮೇಲೆ ಕೆಲವು ದಿನಗಳ ಕಾಲ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಲು ಅವಕಾಶ ಕೊಡುತ್ತದೆ. ಸಾಮಾನ್ಯವಾಗಿ ಅದನ್ನು ತರಿಸುವವರು ಮರು ಮೌಲ್ಯಮಾಪನಕ್ಕೆ ಹೋಗುವವರು ಮಾತ್ರ. ಆದರೆ ಕಾಂಬಿನೇಶನ್ ಆರಿಸಲು ಅದಕ್ಕಿಂತ ಒಳ್ಳೆಯ ಆಧಾರ ಮತ್ತೊಂದಿಲ್ಲ. ಗಣಿತ ಮತ್ತು ವಿಜ್ಞಾನ ಎರಡರದ್ದನ್ನೇ ತರಿಸಿದರೆ ಸಾಕು.

ಈಚಿನ ವರ್ಷಗಳ ಗಣಿತ ಪ್ರಶ್ನೆಪತ್ರಿಕೆಯಲ್ಲಿ 38 ಪ್ರಶ್ನೆಗಳು. ಒಂದು ಅಂಕದವು 16, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು ಒಂದು. ನಮ್ಮ ಹುಡುಗಿಯ 52 ಹೀಗೆ ಹಂಚಿಹೋಗಿದೆ ಎಂದುಕೊಳ್ಳಿ: ಒಂದು ಅಂಕದವುಗಳಲ್ಲಿ 14, ಎರಡರಲ್ಲಿ 16ಕ್ಕೆ 12, ಮೂರರಲ್ಲಿ 27ಕ್ಕೆ 14, ನಾಲ್ಕರಲ್ಲಿ 16ಕ್ಕೆ 8, ಕೊನೆಯದರಲ್ಲಿ 4. ಈಗ ಪುಟ ತಿರುವಿ ನೋಡಬೇಕು. ಪ್ರಮೇಯದ ಸಾಧನೆ ಪೂರ್ತಿ ಸರಿ. ನಕ್ಷೆ ಎಳೆದು ಸಮೀಕರಣ ಬಿಡಿಸಿದ್ದೂ ಸರಿ. ಸೂತ್ರಕ್ಕೆ ಬೆಲೆ ಹಾಕುವ ಲೆಕ್ಕಗಳೂ ಸರಿ. ಹೋದದ್ದೆಲ್ಲ ಹೇಳಿಕೆ ಲೆಕ್ಕಗಳಲ್ಲಿ: ಕಟ್ಟಡದ ಎತ್ತರ ಕಂಡುಹಿಡಿಯುವುದು, ದೋಣಿಯ ವೇಗ, ವಯಸ್ಸಿನ ಲೆಕ್ಕ. ಅಂದರೆ ಪದೇ ಪದೇ ಅಭ್ಯಾಸ ಮಾಡಿಸಿದ್ದು ಬಂದಿದೆ, ಮಾತನ್ನು ಸಮೀಕರಣವಾಗಿ ಮಾಡಬೇಕಾದ ಕಡೆ ಕೈ ನಿಂತಿದೆ. ಪಿಯು ಭೌತಶಾಸ್ತ್ರ ಪೂರ್ತಿ ನಿಂತಿರುವುದು ಈ ಎರಡನೆಯ ಕೌಶಲದ ಮೇಲೆ.

ಇದೇ 52 ಇನ್ನೊಬ್ಬ ಹುಡುಗನದ್ದಾಗಿದ್ದು, ಹೇಳಿಕೆ ಲೆಕ್ಕಗಳನ್ನು ಸರಿಯಾಗಿ ಹೂಡಿ, ಕೂಡುವಾಗ ಕಳೆಯುವಾಗ ತಪ್ಪಿದ್ದರೆ, ಪ್ರಮೇಯವನ್ನು ಬಾಯಿಪಾಠ ಮಾಡದೆ ಬಿಟ್ಟಿದ್ದರೆ, ಅವನಿಗೆ ಸೈನ್ಸ್ ಬೇಡ ಎನ್ನಲು ಕಾರಣವಿಲ್ಲ. ಅವನ ಕೊರತೆ ಅಭ್ಯಾಸದ್ದು, ಕೂತು ಮಾಡಿದರೆ ತುಂಬುತ್ತದೆ. ಅಂಕ ಒಂದೇ ಆದರೂ ಸಲಹೆ ಬೇರೆ ಬೇರೆ.

ವಿಜ್ಞಾನದ ಉತ್ತರ ಪತ್ರಿಕೆಯನ್ನೂ ಹೀಗೆಯೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂದು ಮೂರು ಭಾಗ ಮಾಡಿ ಓದಬೇಕು. ನಮ್ಮ ಹುಡುಗಿ ಕಳೆದುಕೊಂಡ 22 ಅಂಕಗಳಲ್ಲಿ ಜೀವಶಾಸ್ತ್ರದ್ದು 3, ರಸಾಯನದ್ದು 8, ಭೌತಶಾಸ್ತ್ರದ್ದು 11 ಆಗಿದ್ದರೆ, ಅವಳು ವಿಜ್ಞಾನದಲ್ಲಿ ಚೆನ್ನಾಗಿದ್ದಾಳೆ ಎನ್ನುವುದಕ್ಕಿಂತ ಜೀವಶಾಸ್ತ್ರದಲ್ಲಿ ಚೆನ್ನಾಗಿದ್ದಾಳೆ ಎನ್ನುವುದೇ ಸರಿ. ಹತ್ತನೇ ತರಗತಿಯಲ್ಲಿ ವಿಜ್ಞಾನ ಒಂದೇ ವಿಷಯ. ಪಿಯುನಲ್ಲಿ ಅದು ಮೂರಾಗುತ್ತದೆ, ಜೊತೆಗೆ ಗಣಿತ. ಅಲ್ಲಿ ಜೀವಶಾಸ್ತ್ರದ ಅಂಕ ಭೌತಶಾಸ್ತ್ರದ ಕೊರತೆಯನ್ನು ತುಂಬಿಕೊಡುವುದಿಲ್ಲ.

ಅಂಕಪಟ್ಟಿ ಹಿಂದಿನದನ್ನು ಹೇಳುತ್ತದೆ. ಮುಂದಿನದನ್ನು ತಿಳಿಯಲು ದಾಖಲಾತಿಗೆ ಮೊದಲು ಹತ್ತು ದಿನ ಬಿಡುವು ಮಾಡಿಕೊಂಡು, ಸೀನಿಯರ್‌ಗಳ ಪ್ರಥಮ ಪಿಯು ಪುಸ್ತಕಗಳನ್ನು ತಂದು, ಮೂರು ವಿಭಾಗಗಳಿಂದಲೂ ಒಂದೊಂದು ಅಧ್ಯಾಯ ಮುಟ್ಟಿ ನೋಡಬಹುದು. ಆಸಕ್ತಿ ಏನಿದೆ ಎಂದು ಹದಿನಾರರ ಮಗುವನ್ನು ಬರೀ ಬಾಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಅಕೌಂಟೆನ್ಸಿ, ಮನಃಶಾಸ್ತ್ರವನ್ನು ಒಮ್ಮೆಯೂ ನೋಡದವರು ಅದು ಇಷ್ಟವೋ ಅಲ್ಲವೋ ಹೇಗೆ ಹೇಳಿಯಾರು?

ಭೌತಶಾಸ್ತ್ರಕ್ಕೆ ಸರಳರೇಖೆಯಲ್ಲಿ ಚಲನೆಯ ಅಧ್ಯಾಯ ಸಾಕು. ಗಂಟೆಗೆ 72 ಕಿ.ಮೀ. ವೇಗದ ಬಸ್ಸು ಬ್ರೇಕ್ ಹಾಕಿದ ಮೇಲೆ 40 ಮೀಟರ್ ಹೋಗಿ ನಿಲ್ಲುತ್ತದೆ. ವೇಗವನ್ನು ಸೆಕೆಂಡಿಗೆ 20 ಮೀಟರ್ ಎಂದು ಬದಲಿಸಿ ಸೂತ್ರಕ್ಕೆ ಹಾಕಿದರೆ ಬಸ್ಸು ಪ್ರತಿ ಸೆಕೆಂಡಿಗೆ 5 ಮೀಟರ್‌ನಷ್ಟು ವೇಗ ಕಳೆದುಕೊಳ್ಳುತ್ತದೆ, 4 ಸೆಕೆಂಡಿನಲ್ಲಿ ನಿಲ್ಲುತ್ತದೆ ಎಂದು ಬರುತ್ತದೆ. ಇಷ್ಟು ಯಾರಾದರೂ ಮಾಡಿಯಾರು. ಈಗ ಕೇಳಬೇಕಾದ್ದು ಬೇರೆ: ಅದೇ ಬ್ರೇಕಿನಲ್ಲಿ ವೇಗ 36 ಆಗಿದ್ದರೆ ಎಷ್ಟು ದೂರಕ್ಕೆ ನಿಲ್ಲುತ್ತಿತ್ತು? 20 ಮೀಟರ್ ಎಂದು ಥಟ್ಟನೆ ಹೇಳುವುದು ಸಹಜ. ಉತ್ತರ 10 ಮೀಟರ್, ಏಕೆಂದರೆ ದೂರ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಮೊದಲ ಸಲ ತಪ್ಪುವುದರಲ್ಲಿ ದೋಷವಿಲ್ಲ. 10 ಎಂದು ತಿಳಿದ ಮೇಲೆ ‘ಅದು ಹೇಗೆ’ ಎಂದು ಪೆನ್ನು ಹಿಡಿದು ಕೂರುವವರು ಸೈನ್ಸಿಗೆ ಒಗ್ಗುತ್ತಾರೆ. ‘ಸೂತ್ರ ಹೇಳಿ, ಹಾಕ್ತೀನಿ’ ಎನ್ನುವವರಿಗೆ ಎರಡು ವರ್ಷ ಭಾರವಾಗುತ್ತದೆ.

ಅಕೌಂಟೆನ್ಸಿಗೆ ಮನೆಯ ಹಾಲಿನ ಲೆಕ್ಕವೇ ಸಾಕು. ಹಾಲು ಉತ್ಪಾದಕರ ಸಂಘಕ್ಕೆ ಹದಿನೈದು ದಿನಕ್ಕೆ 6,200 ರೂಪಾಯಿಯ ಹಾಲು ಹಾಕಿದ್ದಾರೆ. ಅದೇ ಸಂಘದಿಂದ 1,800ರ ಹಿಂಡಿ ಸಾಲಕ್ಕೆ ತಂದಿದ್ದಾರೆ. ಬಟವಾಡೆಯ ದಿನ ಹಿಂಡಿ ದುಡ್ಡು ಹಿಡಿದುಕೊಂಡು 4,400 ಕೈಗೆ ಬಂತು. ಆದಾಯ ಎಷ್ಟು ಎಂದರೆ ಮನೆಯಲ್ಲಿ ಎಲ್ಲರೂ 4,400 ಎನ್ನುತ್ತಾರೆ. ಲೆಕ್ಕಶಾಸ್ತ್ರ ಹೇಳುವುದು ಬೇರೆ. ಹಾಲು ಹಾಕಿದಾಗ ಸಂಘದ ಖಾತೆಗೆ 6,200 ಡೆಬಿಟ್, ಹಾಲು ಮಾರಾಟಕ್ಕೆ ಕ್ರೆಡಿಟ್. ಹಿಂಡಿ ತಂದಾಗ ಹಿಂಡಿ ಖರ್ಚಿಗೆ 1,800 ಡೆಬಿಟ್, ಸಂಘಕ್ಕೆ ಕ್ರೆಡಿಟ್. ದುಡ್ಡು ಬಂದಾಗ ನಗದಿಗೆ 4,400 ಡೆಬಿಟ್, ಸಂಘಕ್ಕೆ ಕ್ರೆಡಿಟ್. ಸಂಘದ ಖಾತೆಯಲ್ಲಿ ಈಗ ಎರಡೂ ಕಡೆ 6,200, ಬಾಕಿ ಸೊನ್ನೆ. ಮಾರಾಟ 6,200, ಖರ್ಚು 1,800, ಉಳಿದದ್ದು 4,400. ಎರಡೂ ಬದಿ ಸರಿದೂಗಿದಾಗ ಮಗುವಿನ ಮುಖದಲ್ಲಿ ಸಮಾಧಾನ ಕಂಡರೆ, ದೂಗದಿದ್ದಾಗ ತಪ್ಪು ಹುಡುಕುವ ಹಟ ಬಂದರೆ ಕಾಮರ್ಸ್ ಅವರಿಗೆ ಎರಡನೇ ದರ್ಜೆಯ ಆಯ್ಕೆಯಲ್ಲ. ‘ಸೈನ್ಸ್ ಕಷ್ಟ, ಆರ್ಟ್ಸ್ ಬೇಡ’ ಎಂದು ನಡುವಿನದನ್ನು ಹಿಡಿದವರೇ ಅಲ್ಲಿ ಹೆಚ್ಚು ಬೇಸರಪಡುವುದು.

ಆರ್ಟ್ಸಿಗೆ ಒಂದು ಪ್ರಶ್ನೆ ಕೊಟ್ಟು ಒಂದು ಪುಟ ಬರೆಸಿ: ಕನ್ನಂಬಾಡಿ ಕಟ್ಟೆ ಬಂದ ಮೇಲೆ ಮಂಡ್ಯ ಹೇಗೆ ಬದಲಾಯಿತು? ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, 1933ರಲ್ಲಿ ಮೈಷುಗರ್ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು ಎಂದು ಇಸವಿಗಳನ್ನು ಸಾಲಾಗಿ ಬರೆದರೆ ಅದು ನೆನಪಿನ ಶಕ್ತಿ. ನಾಲೆಯ ನೀರು ಬಂದದ್ದಕ್ಕೇ ಕಬ್ಬು ಬಂತು, ಕಬ್ಬು ಇದ್ದದ್ದಕ್ಕೇ ಕಾರ್ಖಾನೆ ಬಂತು, ಕಾರ್ಖಾನೆಯ ಸುತ್ತ ಪೇಟೆ ಬೆಳೆಯಿತು, ನಾಲೆಯ ಕೊನೆ ಭಾಗದವರಿಗೆ ಇದೆಲ್ಲ ಎಷ್ಟು ಸಿಕ್ಕಿತು ಎಂದು ಕೊಂಡಿ ಹಾಕಿ ಬರೆದರೆ ಅದು ಸಮಾಜ ವಿಜ್ಞಾನದ ಶಕ್ತಿ. ಕಾನೂನು, ಆಡಳಿತ, ಪತ್ರಿಕೋದ್ಯಮ, ಬೋಧನೆ ಎಲ್ಲ ಕಡೆ ಬೇಕಾದದ್ದು ಇದೇ.

ಇಷ್ಟಾದ ಮೇಲೂ ಮನೆಯಲ್ಲಿ ಬರುವ ಮಾತು ಒಂದಿದೆ: ‘ಸೈನ್ಸ್ ತಗೊಂಡ್ರೆ ಆಮೇಲೆ ಯಾವುದಕ್ಕಾದರೂ ಹೋಗಬಹುದು, ಆರ್ಟ್ಸ್ ತಗೊಂಡ್ರೆ ವಾಪಸ್ ಬರೋಕಾಗಲ್ಲ.’ ನಿಯಮದ ಪ್ರಕಾರ ಇದು ಬಹುಮಟ್ಟಿಗೆ ನಿಜ. ಸೈನ್ಸ್ ಓದಿದವರು ಬಿ.ಕಾಂ.ಗೂ ಬಿ.ಎ.ಗೂ ಐದು ವರ್ಷದ ಕಾನೂನು ಪದವಿಗೂ ಸೇರಬಹುದು. ಕಲಾ ವಿಭಾಗದವರು ಎಂಜಿನಿಯರಿಂಗಿಗೆ ಹೋಗಲಾಗದು. ಆದರೆ ಈ ಮಾತು ಒಂದನ್ನು ಬಿಟ್ಟುಬಿಡುತ್ತದೆ. ಬಾಗಿಲು ತೆರೆದಿರುವುದು ವಿಭಾಗದ ಹೆಸರಿನಿಂದಷ್ಟೇ ಅಲ್ಲ, ಅಂಕದಿಂದ ಕೂಡ. ಕರ್ನಾಟಕದ ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪಿಯುನಲ್ಲಿ ಈ ಮೂರಕ್ಕೆ 300ಕ್ಕೆ 192 ಬಂದರೆ ಶೇ. 64, ಸಿಇಟಿಯಲ್ಲಿ 180ಕ್ಕೆ 72 ಬಂದರೆ ಶೇ. 40. ಎರಡನ್ನೂ ಅರ್ಧರ್ಧ ಸೇರಿಸಿದರೆ 52. ಪಾಸಾಯಿತು, ಅರ್ಹತೆಯೂ ಬಂತು. ಆದರೆ ಬಯಸಿದ ಬ್ರಾಂಚು, ಬಯಸಿದ ಕಾಲೇಜು ಆ ಅಂಕಕ್ಕೆ ಸಿಗುವುದು ಕಷ್ಟ. ಅದೇ ಮಗು ಆಮೇಲೆ ಬಿ.ಕಾಂ.ಗೆ ಹೋದರೆ, ಎರಡು ವರ್ಷ ಅಕೌಂಟೆನ್ಸಿ ಓದಿ ಶೇ. 90 ತಂದವರ ಪಕ್ಕದಲ್ಲಿ ಡೆಬಿಟ್ ಕ್ರೆಡಿಟ್‌ನಿಂದ ಶುರುಮಾಡಬೇಕು.

ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕುಗಳು ಇರುತ್ತವೆ. ಅವುಗಳಲ್ಲಿ ಪ್ರತಿ ಪ್ರವರ್ಗಕ್ಕೂ ಮೂರು ಕಾಲಂ ಇರುತ್ತದೆ: ಉದಾಹರಣೆಗೆ GM ಸಾಮಾನ್ಯ, GMR ಗ್ರಾಮೀಣ, GMK ಕನ್ನಡ ಮಾಧ್ಯಮ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ ಮಗು ಸಾಮಾನ್ಯ ಕಾಲಂ ನೋಡಿ ಎದೆಗುಂದಬಾರದು. ತನ್ನ ಕಾಲಂ ನೋಡಬೇಕು. ಅದಕ್ಕೆ ಬೇಕಾದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಎಸ್ಸೆಸ್ಸೆಲ್ಸಿ ಮುಗಿದಾಗಲೇ ಶಾಲೆಯಿಂದ ಮಾಡಿಸಿ, ಬಿಇಒ ಕಚೇರಿಯ ಸಹಿ ಹಾಕಿಸಿ ಇಟ್ಟುಕೊಳ್ಳುವುದು ಜಾಣತನ. ಎರಡು ವರ್ಷದ ಮೇಲೆ ಕೌನ್ಸೆಲಿಂಗ್ ಹೊತ್ತಿಗೆ ಪ್ರಾಥಮಿಕ ಶಾಲೆಯ ದಾಖಲೆ ಹುಡುಕಿಕೊಂಡು ಓಡುವವರ ಪಾಡು ಕಷ್ಟದ್ದು.

ಜೀವಶಾಸ್ತ್ರದ ಕಡೆ ಒಲವಿರುವ ನಮ್ಮ ಹುಡುಗಿಗೆ ಲೆಕ್ಕ ಸ್ವಲ್ಪ ಬೇರೆ. ನೀಟ್‌ಗೆ ಗಣಿತ ಬೇಡ. ಬಿ.ಎಸ್ಸಿ. ಕೃಷಿಯೂ ಒಂದು ದಾರಿ. ಆ ಪದವಿ ಮಂಡ್ಯದ ವಿ.ಸಿ. ಫಾರಂನಲ್ಲೇ ಇದೆ, ರೈತರ ಮಕ್ಕಳಿಗೆ ಕೃಷಿಕರ ಕೋಟಾವೂ ಇದೆ. ನರ್ಸಿಂಗ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಪದವಿ, ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಬಿ.ಎಸ್ಸಿ.-ಬಿ.ಇಡಿ. ಇವೆಲ್ಲ ಹತ್ತಿರದಲ್ಲೇ ಇರುವ ದಾರಿಗಳು. ಆದರೆ ಇವಾವುದರಲ್ಲೂ ಭೌತಶಾಸ್ತ್ರದಿಂದ ತಪ್ಪಿಸಿಕೊಳ್ಳಲಾಗದು. ಗಣಿತವಿಲ್ಲದ ಸೈನ್ಸ್ ಕಾಂಬಿನೇಶನ್ ನಮ್ಮ ಸುತ್ತಿನ ಹೆಚ್ಚಿನ ಕಾಲೇಜುಗಳಲ್ಲಿ ಸಿಗುವುದೂ ಇಲ್ಲ. ಇರುವುದು ಪಿಸಿಎಂಬಿ, ಇಲ್ಲವೇ ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ ಇರುವ ಪಿಸಿಎಂಸಿ. ನೀಟ್‌ಗೆ ಬೇಡದ ಗಣಿತ, ಪಾಸಾಗಲು ಮಾತ್ರ ದಿನಕ್ಕೊಂದು ಗಂಟೆ ತಿನ್ನುತ್ತದೆ. ಇದರ ಮೇಲೆ ಪಾಠ ಕನ್ನಡದಿಂದ ಇಂಗ್ಲಿಷಿಗೆ ತಿರುಗುತ್ತದೆ. ಬರವಣಿಗೆಯಲ್ಲಿ ಇಂಗ್ಲಿಷ್ ಶೇ. 80 ಇರುವವಳಿಗೆ ಅದು ಮೂರು ನಾಲ್ಕು ತಿಂಗಳ ಕಷ್ಟ, ಶೇ. 50 ಇರುವವರಿಗೆ ಇಡೀ ವರ್ಷದ ಕಷ್ಟ. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ಖರ್ಚು ಉಳಿದಿದೆ, ಹೊತ್ತು ಉಳಿದಿಲ್ಲ. ಪ್ರಾಯೋಗಿಕ ತರಗತಿ, ಕೋಚಿಂಗ್ ಮುಗಿಸಿ ಮನೆ ಸೇರುವಾಗ ಏಳೂವರೆ ಆದರೆ ಓದಲು ಉಳಿಯುವುದು ಎರಡು ಗಂಟೆ.

ಕಾಮರ್ಸಿನ ಒಳಗೆ ಜನ ಗಮನಿಸದ ಒಂದು ಸಂಗತಿ ಇದೆ. ವಿಭಾಗಕ್ಕಿಂತ ನಾಲ್ಕನೇ ವಿಷಯ ಮುಖ್ಯ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ಇತಿಹಾಸ ಬಂದರೆ ಹೆಚ್‌ಇಬಿಎ, ಸಂಖ್ಯಾಶಾಸ್ತ್ರ ಬಂದರೆ ಎಸ್‌ಇಬಿಎ, ಕಂಪ್ಯೂಟರ್ ವಿಜ್ಞಾನ ಬಂದರೆ ಸಿಇಬಿಎ. ಕೆಲವೆಡೆ ಬೇಸಿಕ್ ಮ್ಯಾಥ್ಸ್ ಕೂಡ ಸಿಗುತ್ತದೆ. ಸಿಎ ಆಗಬೇಕೆನ್ನುವವರು ಹೆಚ್‌ಇಬಿಎ ತೆಗೆದುಕೊಂಡರೆ ತಡೆಯುವವರಿಲ್ಲ. ಆದರೆ ಸಿಎ ಫೌಂಡೇಶನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ವ್ಯವಹಾರ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದು. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ 40, ಒಟ್ಟಾರೆ ಶೇ. 50 ಬರಬೇಕು. ಲೆಕ್ಕಶಾಸ್ತ್ರದಲ್ಲಿ 75 ತಂದು ಈ ಪತ್ರಿಕೆಯಲ್ಲಿ 34ಕ್ಕೆ ನಿಂತರೆ ಆ ಪರೀಕ್ಷೆ ಪಾಸಾಗುವುದಿಲ್ಲ. ಎರಡು ವರ್ಷ ಗಣಿತ ಬಿಟ್ಟವರು ಎಡವುವುದು ಇಲ್ಲಿ.

ಆರ್ಟ್ಸಿನ ವಿಷಯದಲ್ಲಿ ಹೇಳಲೇಬೇಕಾದ ಸತ್ಯವೆಂದರೆ, ಬರೀ ಬಿ.ಎ. ಪದವಿಯ ಮೇಲೆ ಕೆಲಸ ಸಿಗುವುದು ಕಷ್ಟ. ಅದಕ್ಕೆ ಎರಡನೇ ಮೆಟ್ಟಿಲು ಬೇಕು: ಎಲ್‌ಎಲ್‌ಬಿ, ಬಿ.ಇಡಿ., ಎಂ.ಎಸ್‌.ಡಬ್ಲ್ಯೂ., ಎಂ.ಎ. ಕೆಎಎಸ್‌ಗೆ ಯಾವ ಪದವಿಯಾದರೂ ನಡೆಯುತ್ತದೆ, ಆದರೆ ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಆ ಒಂದನ್ನೇ ನಂಬಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಹೆಚ್‌ಇಪಿಎಸ್ ಸೇರುವುದು ಅಪಾಯ. ಹೆಚ್‌ಇಪಿಎಸ್, ಆಮೇಲೆ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ, ವಕೀಲಿಕೆ ಕಟ್ಟಿಕೊಳ್ಳುತ್ತಲೇ ಸ್ಪರ್ಧಾತ್ಮಕ ಪರೀಕ್ಷೆ ಎಂದಾದರೆ ಅದು ಕಾಲ ಕೆಳಗೆ ನೆಲವಿರುವ ಯೋಜನೆ. ಈ ದಾರಿಯಲ್ಲಿ ಹೋಗುವವರು ಏಳು ವರ್ಷದ ಖರ್ಚನ್ನು ಈಗಲೇ ಕೂತು ಬರೆದು ನೋಡಬೇಕು.

ಹಾಗಾದರೆ ಆ ಅಂಕಪಟ್ಟಿಗೆ ಏನು ಹೇಳುವುದು? ಹೇಳಿಕೆ ಲೆಕ್ಕದಲ್ಲಿ ಕೈ ನಿಂತಿದೆ, ಭೌತಶಾಸ್ತ್ರದಲ್ಲಿ 11 ಹೋಗಿದೆ, ಕನ್ನಡವೂ ಸಮಾಜ ವಿಜ್ಞಾನವೂ ಶೇ. 90ಕ್ಕೆ ಕಡಿಮೆಯಿಲ್ಲ. ಎಂಜಿನಿಯರಿಂಗ್ ಮನಸ್ಸಿನಲ್ಲಿದ್ದರೆ ಅದನ್ನು ಕೈಬಿಡುವುದೇ ಒಳ್ಳೆಯದು. ಪಿಸಿಎಂಬಿ ಸರಿಯಾಗುವುದು ಎರಡು ಷರತ್ತಿನ ಮೇಲೆ: ಹತ್ತು ದಿನದ ಪ್ರಯೋಗದಲ್ಲಿ ಬಸ್ಸಿನ ಲೆಕ್ಕ ಅವಳನ್ನು ಎಳೆದುಕೊಂಡಿರಬೇಕು, ಡಾಕ್ಟರ್ ಸೀಟು ಸಿಗದಿದ್ದರೂ ಕೃಷಿ ಅಥವಾ ನರ್ಸಿಂಗ್‌ಗೆ ಅವಳೂ ಮನೆಯವರೂ ಇಂದೇ ಒಪ್ಪಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ನಮ್ಮ ಒಲವು ಹೆಚ್‌ಇಪಿಎಸ್ ಮತ್ತು ಕಾನೂನಿನ ಕಡೆಗೆ. ಹಾಲಿನ ಲೆಕ್ಕ ಅವಳಿಗೆ ಹಿಡಿಸಿದ್ದರೆ ಕಾಮರ್ಸ್ ಕೂಡ ಇದೆ, ಆದರೆ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಶನ್ನೇ ಆಗಬೇಕು.

ಸೇರಿದ ಮೇಲೂ ಕಣ್ಣಿಟ್ಟಿರಬೇಕು. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬರುವುದು ಎಲ್ಲರಿಗೂ ಆಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಗಮನಿಸಬೇಕಾದ್ದು ನೋಟ್ಸ್ ಪುಸ್ತಕವನ್ನು. ಬೋರ್ಡಿನಿಂದ ಇಳಿಸಿದ ಲೆಕ್ಕಗಳಷ್ಟೇ ಇದ್ದು, ಸ್ವಂತವಾಗಿ ಬಿಡಿಸಲು ಹೊರಟು ಹೊಡೆದುಹಾಕಿದ ಗೆರೆ ಒಂದೂ ಇಲ್ಲದಿದ್ದರೆ ಮಗು ಪ್ರಯತ್ನ ನಿಲ್ಲಿಸಿದೆ ಎಂದೇ ಅರ್ಥ. ಕಾಂಬಿನೇಶನ್ ಬದಲಿಸಲು ಅವಕಾಶವಿರುವುದು ದಾಖಲಾತಿಯ ಕೊನೆಯ ದಿನಾಂಕದವರೆಗೆ, ಅದೂ ಆ ಕಾಲೇಜಿನಲ್ಲಿ ಸೀಟು ಉಳಿದಿದ್ದರೆ. ಆಮೇಲೆ ಬದಲಿಸುವುದೆಂದರೆ ಮುಂದಿನ ಜೂನ್‌ನಲ್ಲಿ ಮತ್ತೆ ಪ್ರಥಮ ಪಿಯುಸಿಗೆ ಸೇರುವುದು. ಹಾಗಾಗಿ ತರಗತಿ ಶುರುವಾದ ಎರಡನೇ ವಾರವೇ ಆ ಕೊನೆಯ ದಿನಾಂಕವನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಂಡು, ಅದಕ್ಕೆ ಐದು ದಿನ ಮುಂಚೆ ಒಂದು ಸಂಜೆ ಮಗುವಿನ ಜೊತೆ ನೋಟ್ಸ್ ಪುಸ್ತಕ ತೆರೆದು ಕೂರಬೇಕು.